ತುಂಬಿದ ಚಾರ್ಟ್, ತಪ್ಪಿದ ಅಂಕ: ವಾರ್ಡ್‌ನ ಪೋಷಣೆ ದಾಖಲೆಗಳನ್ನು ಆಡಿಟ್ ಮಾಡುವ ಬಗೆ

ಪೋಷಣೆ ದಾಖಲೆಗಳ ಆಡಿಟ್‌ಗೆ ಕೂತವರ ಕಣ್ಣು ಮೊದಲು ಹೋಗುವುದು ಖಾಲಿ ಬಿಟ್ಟ ಜಾಗಗಳ ಮೇಲೆ. ತೂಕ ಬರೆದಿಲ್ಲ, ಎತ್ತರ ಇಲ್ಲ, ಸಹಿ ಇಲ್ಲ. ಇವನ್ನು ಎಣಿಸುವುದು ಸುಲಭ, ಬೇಗ ಮುಗಿಯುತ್ತದೆ, ವರದಿಯೂ ದಪ್ಪಗೆ ಕಾಣುತ್ತದೆ. ಆದರೆ ನನ್ನ ಅನುಭವದಲ್ಲಿ ರೋಗಿಗೆ ಹೆಚ್ಚು ತೊಂದರೆ ಕೊಡುವುದು ತಪ್ಪಾಗಿ ತುಂಬಿದ ಜಾಗ. ಖಾಲಿ ಇದ್ದರೆ ಮುಂದಿನ ಪಾಳಿಯವರಾದರೂ ‘ಇದ್ಯಾಕೆ ಹೀಗೆ’ ಎಂದು ಕೇಳುತ್ತಾರೆ. ‘ಒಟ್ಟು ಅಂಕ 0’ ಎಂದು ಅಂದವಾಗಿ ಬರೆದು ಸಹಿ ಹಾಕಿದ್ದರೆ ಆ ಹಾಳೆಯನ್ನು ಮತ್ತೆ ಯಾರೂ ತಿರುವಿ ನೋಡುವುದಿಲ್ಲ.

ಹಾಗಾಗಿ ಇಲ್ಲಿ ಹೇಳುವ ವಿಧಾನದ ಬೆನ್ನೆಲುಬು ಒಂದೇ: ಇದೆಯೋ ಇಲ್ಲವೋ ಎಂದು ನೋಡಿ ನಿಲ್ಲಬಾರದು, ಇರುವುದನ್ನು ಮತ್ತೆ ಲೆಕ್ಕ ಹಾಕಬೇಕು ಮತ್ತು ಪಕ್ಕದ ಹಾಳೆಯೊಂದಿಗೆ ಹೋಲಿಸಬೇಕು. ದೊಡ್ಡವರ ವಾರ್ಡ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮಕ್ಕಳಿಗೆ ಬೆಳವಣಿಗೆಯ ಚಾರ್ಟ್‌ಗಳು ಬೇರೆ, ಗರ್ಭಿಣಿಯರಿಗೆ ಬಿಎಂಐ ನೋಡುವ ರೀತಿ ಬೇರೆ. ಅವರನ್ನು ಈ ಪಟ್ಟಿಗೆ ಸೇರಿಸಬೇಡಿ.

ಮೊದಲ ಹೆಜ್ಜೆ: ಯಾವ ಫೈಲ್, ಯಾವ ಅಳತೆಗೋಲು

ನಿಮ್ಮ ಆಸ್ಪತ್ರೆಯ ಲಿಖಿತ ನಿಯಮವೇ ನಿಮ್ಮ ಅಳತೆಗೋಲು. ದಾಖಲಾದ ಎಷ್ಟು ಗಂಟೆಯೊಳಗೆ ಅಪೌಷ್ಟಿಕತೆಯ ಅಪಾಯಕ್ಕೆ ಅಂಕ ಹಾಕುವ ಸ್ಕ್ರೀನಿಂಗ್ ಆಗಬೇಕು (ಬಹಳ ಕಡೆ 24 ಗಂಟೆ), ಎಷ್ಟು ದಿನಕ್ಕೊಮ್ಮೆ ಮರು ತೂಕ (ಸಾಮಾನ್ಯವಾಗಿ ವಾರಕ್ಕೊಮ್ಮೆ), ಯಾವ ಅಂಕಕ್ಕೆ ಡಯಟಿಷಿಯನ್‌ಗೆ ರೆಫರಲ್ ಎಂಬುದನ್ನು ನಿಯಮದಿಂದ ಎತ್ತಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಿಯಮದಲ್ಲೇ ಇಲ್ಲದ್ದನ್ನು ವಾರ್ಡ್‌ನವರು ಮಾಡಿಲ್ಲ ಎಂದು ಗುರುತು ಹಾಕಿದರೆ ಮೊದಲ ಸಭೆಯಲ್ಲೇ ಜಗಳ, ಮತ್ತು ಆ ಜಗಳದಲ್ಲಿ ಅವರದೇ ಸರಿ.

ಒಂದು ವಾರ್ಡ್‌ಗೆ 20 ಫೈಲ್ ಸಾಕು. ದಾಖಲಾಗಿ 48 ಗಂಟೆ ದಾಟಿದವರನ್ನು ಮಾತ್ರ ತೆಗೆದುಕೊಳ್ಳಿ; ನಿನ್ನೆ ರಾತ್ರಿ ಬಂದವರ ಫೈಲ್‌ನಲ್ಲಿ ಗಡುವೇ ಮುಗಿದಿರುವುದಿಲ್ಲ. ಫೈಲ್‌ಗಳನ್ನು ನೀವೇ ಆರಿಸಿ: ಹಾಸಿಗೆ ಸಂಖ್ಯೆಯ ಪ್ರಕಾರ ಒಂದು ಬಿಟ್ಟು ಒಂದು, ಅಥವಾ ಎರಡು ಬಿಟ್ಟು ಒಂದು. ‘ಸಿಸ್ಟರ್, ಒಂದಿಪ್ಪತ್ತು ಫೈಲ್ ಕೊಡಿ’ ಎಂದು ಕೇಳಿದರೆ ಅಚ್ಚುಕಟ್ಟಾದ ಇಪ್ಪತ್ತೇ ನಿಮ್ಮ ಕೈಗೆ ಬರುತ್ತವೆ. ಅದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ, ಯಾರೇ ಆದರೂ ಹಾಗೆಯೇ ಕೊಡುತ್ತಾರೆ.

ನಿಮ್ಮ ಹಾಳೆಯಲ್ಲಿ ರೋಗಿಯ ಹೆಸರು ಬೇಡ, 1ರಿಂದ 20ರ ಕ್ರಮಸಂಖ್ಯೆ ಸಾಕು.

ಎರಡನೇ ಹೆಜ್ಜೆ: ಪರಿಶೀಲನಾ ಪಟ್ಟಿ

‘ಹೌದು/ಇಲ್ಲ’ ಎಂಬ ಎರಡೇ ಉತ್ತರದ ಪಟ್ಟಿ ಈ ಕೆಲಸಕ್ಕೆ ಸಾಲದು. ನಾನು ನಾಲ್ಕು ಗುರುತು ಬಳಸುತ್ತೇನೆ: ‘ಸ’ ಎಂದರೆ ಇದೆ ಮತ್ತು ಸರಿ, ‘ತ’ ಎಂದರೆ ಇದೆ ಆದರೆ ತಪ್ಪು, ‘ಇ’ ಎಂದರೆ ಇಲ್ಲ, ‘ಅ’ ಎಂದರೆ ಈ ರೋಗಿಗೆ ಅನ್ವಯಿಸುವುದಿಲ್ಲ. ಕೊನೆಯದನ್ನು ಉದಾರವಾಗಿ ಬಳಸಬೇಡಿ. ಪ್ರತಿ ‘ಅ’ ಪಕ್ಕದಲ್ಲೂ ಯಾಕೆ ಎಂದು ಎರಡು ಪದ ಇರಲಿ.

1. ಸ್ಕ್ರೀನಿಂಗ್ ಹಾಳೆ ಇದೆಯೇ? ದಿನಾಂಕ, ಸಮಯ, ಬರೆದವರ ಸಹಿ ಇವೆಯೇ? ಗಡುವಿನೊಳಗೆ ಆಗಿದೆಯೇ?
2. ತೂಕ ಇದೆಯೇ? ಅದು ಅಳೆದದ್ದೋ, ರೋಗಿ ಹೇಳಿದ್ದೋ, ಕಣ್ಣಂದಾಜೋ ಎಂದು ಬರೆದಿದೆಯೇ?
3. ಎತ್ತರಕ್ಕೂ ಅದೇ ಪ್ರಶ್ನೆ.
4. ಹಿಂದಿನ ತೂಕ ಎಷ್ಟು, ಎಷ್ಟು ತಿಂಗಳ ಹಿಂದಿನದು?
5. ಸ್ಕ್ರೀನಿಂಗ್ ಅಂಕದ ಪ್ರತಿಯೊಂದು ಭಾಗವೂ ಬರೆದಿದೆಯೇ, ಬರೀ ಮೊತ್ತವೇ? ಮತ್ತೆ ಲೆಕ್ಕ ಹಾಕಿದರೆ ಅದೇ ಮೊತ್ತ ಬರುತ್ತದೆಯೇ?
6. ಅಂಕಕ್ಕೆ ತಕ್ಕ ಕ್ರಮ ಆಗಿದೆಯೇ? ರೆಫರಲ್ ಕಳಿಸಿದ ದಿನ, ಡಯಟಿಷಿಯನ್ ನೋಡಿದ ದಿನ ಎರಡೂ ಇವೆಯೇ?
7. ಡಯಟಿಷಿಯನ್ ನೋಟ್‌ನಲ್ಲಿ ಗುರಿ ಸಂಖ್ಯೆಯಲ್ಲಿದೆಯೇ (ಎಷ್ಟು ಕಿಲೋಕ್ಯಾಲರಿ, ಎಷ್ಟು ಗ್ರಾಂ ಪ್ರೋಟೀನ್), ಮತ್ತೆ ಯಾವಾಗ ನೋಡುವುದು ಎಂದು ಇದೆಯೇ?
8. ಡಾಕ್ಟರ ಆದೇಶ, ನರ್ಸಿಂಗ್ ಹಾಳೆ, ಅಡುಗೆಮನೆಗೆ ಹೋದ ಚೀಟಿ, ಈ ಮೂರರಲ್ಲೂ ಒಂದೇ ಪಥ್ಯ, ಒಂದೇ ಹದ, ಒಂದೇ ಅಲರ್ಜಿ ಇದೆಯೇ?
9. ಆಹಾರ ಸೇವನೆಯ ಚಾರ್ಟ್‌ನಲ್ಲಿ ಪ್ರತಿ ಹೊತ್ತಿನ ಊಟಕ್ಕೂ ನಮೂದು ಇದೆಯೇ?
10. ಪೂರಕ ಪಾನೀಯ ಅಥವಾ ಟ್ಯೂಬ್ ಫೀಡ್ ಬರೆದಷ್ಟು, ಕೊಟ್ಟಷ್ಟು, ಒಳಗೆ ಹೋದಷ್ಟು ತಾಳೆಯಾಗುತ್ತದೆಯೇ?
11. ಮರು ತೂಕ ಮತ್ತು ಮರು ಸ್ಕ್ರೀನಿಂಗ್ ಆಗಿವೆಯೇ?
12. ಡಿಸ್ಚಾರ್ಜ್ ಹಾಳೆಯಲ್ಲಿ ಕೊನೆಯ ತೂಕ ಮತ್ತು ಮನೆಯಲ್ಲಿ ಮುಂದುವರಿಸಬೇಕಾದ್ದು ಇದೆಯೇ?

ಪಟ್ಟಿಯನ್ನು ಇದಕ್ಕಿಂತ ಉದ್ದ ಮಾಡುವ ಆಸೆ ಬರುತ್ತದೆ. ನಲವತ್ತು ಪ್ರಶ್ನೆಯ ಪಟ್ಟಿಯಲ್ಲಿ ಹದಿನೈದನೇ ಫೈಲ್ ಹೊತ್ತಿಗೆ ನೀವೇ ಓದದೆ ಟಿಕ್ ಹಾಕಲು ಶುರುಮಾಡುತ್ತೀರಿ, ಅಂದರೆ ಯಾವ ತಪ್ಪನ್ನು ಹುಡುಕಲು ಬಂದಿರೋ ಅದನ್ನೇ ಮಾಡುತ್ತೀರಿ.

ಮೂರನೇ ಹೆಜ್ಜೆ: ಅಂಕವನ್ನು ಮತ್ತೆ ಲೆಕ್ಕ ಹಾಕುವುದು

ಬಳಕೆಯಲ್ಲಿರುವ ಸ್ಕ್ರೀನಿಂಗ್ ಸಾಧನಗಳು ಹಲವು. ಉದಾಹರಣೆಗೆ ‘ಮಸ್ಟ್’ ತೆಗೆದುಕೊಳ್ಳೋಣ. ಬ್ರಿಟನ್ನಿನ ಬೇಪೆನ್ ಸಂಸ್ಥೆ 2003ರಲ್ಲಿ ಹೊರತಂದದ್ದು. ಅದರಲ್ಲಿ ಮೂರು ಭಾಗ. ಬಿಎಂಐ 20ಕ್ಕಿಂತ ಹೆಚ್ಚಿದ್ದರೆ 0, 18.5ರಿಂದ 20ರವರೆಗೆ 1, ಅದಕ್ಕಿಂತ ಕಡಿಮೆಗೆ 2. ಕಳೆದ 3ರಿಂದ 6 ತಿಂಗಳಲ್ಲಿ ಬಯಸದೆ ಇಳಿದ ತೂಕ ಶೇ. 5ಕ್ಕಿಂತ ಕಡಿಮೆಯಾದರೆ 0, ಶೇ. 5ರಿಂದ 10ಕ್ಕೆ 1, ಶೇ. 10 ಮೀರಿದರೆ 2. ಮೂರನೆಯದು ತೀವ್ರ ಕಾಯಿಲೆಯದು: ರೋಗಿ ತೀವ್ರ ಅಸ್ವಸ್ಥರಾಗಿದ್ದು, 5 ದಿನಕ್ಕಿಂತ ಹೆಚ್ಚು ಏನೂ ತಿಂದಿಲ್ಲ ಅಥವಾ ತಿನ್ನುವ ಸಾಧ್ಯತೆ ಇಲ್ಲ ಎಂದಾದರೆ 2. ಮೊತ್ತ 2 ಅಥವಾ ಹೆಚ್ಚಾದರೆ ಅಪಾಯ ಹೆಚ್ಚು.

ಸಣ್ಣ ಲೆಕ್ಕ. ಆದರೂ ತಪ್ಪುತ್ತದೆ, ಮತ್ತು ತಪ್ಪುವ ಜಾಗಗಳು ಹೆಚ್ಚುಕಡಿಮೆ ಅವೇ.

ಒಂದು, ಅಡಿ-ಇಂಚು. 5 ಅಡಿ 10 ಇಂಚು ಎತ್ತರವನ್ನು ಯಾರೋ ‘5.10’ ಎಂದು ಬರೆಯುತ್ತಾರೆ, ಇನ್ಯಾರೋ ಅದನ್ನು ದಶಮಾಂಶ ಎಂದುಕೊಂಡು 30.48ರಿಂದ ಗುಣಿಸುತ್ತಾರೆ. 178 ಸೆಂ.ಮೀ. ಇರಬೇಕಾದ ಎತ್ತರ 155 ಆಗುತ್ತದೆ. ರೋಗಿ 60 ಕೆ.ಜಿ. ಇದ್ದರೆ ನಿಜವಾದ ಬಿಎಂಐ ಸುಮಾರು 19, ಚಾರ್ಟ್‌ನಲ್ಲಿ ಬರುವುದು ಸುಮಾರು 25. ಸಣಕಲು ಮನುಷ್ಯ ಕಾಗದದ ಮೇಲೆ ದಷ್ಟಪುಷ್ಟ. ಎತ್ತರದ ಅಂಕಣದಲ್ಲಿ 155 ಅಥವಾ 156 ಎಂದಿದ್ದು, ಮೊದಲ ಪುಟದಲ್ಲಿ ‘5.10’ ಅಥವಾ ‘5.11’ ಕಂಡರೆ ನಿಂತು ನೋಡಿ.

ಎರಡು, ಶೇಕಡಾ ತೂಕ ಇಳಿತ. ಭಾಗಿಸಬೇಕಾದದ್ದು ಹಿಂದಿನ ತೂಕದಿಂದ, ಈಗಿನದರಿಂದ ಅಲ್ಲ. 60 ಇದ್ದವರು 54.2ಕ್ಕೆ ಬಂದರೆ ಇಳಿದದ್ದು 5.8. ಅದನ್ನು 60ರಿಂದ ಭಾಗಿಸಿದರೆ ಶೇ. 9.7, 54.2ರಿಂದ ಭಾಗಿಸಿದರೆ ಶೇ. 10.7. ಒಂದೇ ರೋಗಿಗೆ ಎರಡು ಅಂಕ.

ಮೂರು, ತೀವ್ರ ಕಾಯಿಲೆಯ 2 ಅಂಕ. ಆಸ್ಪತ್ರೆಗೆ ಬಂದವರೆಲ್ಲ ಅಸ್ವಸ್ಥರೇ ತಾನೆ ಎಂದುಕೊಂಡು ಕೆಲವು ವಾರ್ಡ್‌ಗಳಲ್ಲಿ ಎಲ್ಲರಿಗೂ ಹಾಕಿಬಿಡುತ್ತಾರೆ. ಆಗ ಊಟ ಮಾಡುತ್ತಿರುವವರ ರೆಫರಲ್‌ಗಳು ರಾಶಿ ಬಿದ್ದು, ನಿಜವಾಗಿ ಬೇಕಾದವರು ಸಾಲಿನಲ್ಲಿ ಹಿಂದೆ ಬೀಳುತ್ತಾರೆ. ಅಂಕ ಹೆಚ್ಚು ಹಾಕಿದ್ದೂ ‘ತ’ ಎಂಬ ಗುರುತಿಗೇ ಸೇರಬೇಕು.

ಒಂದು ಫೈಲ್ ಪೂರ್ತಿ ಓದೋಣ

ಕ್ರಮಸಂಖ್ಯೆ 7 ಎನ್ನೋಣ. ವಿಧಾನ ತೋರಿಸಲೆಂದು ನಾನೇ ಜೋಡಿಸಿದ ಫೈಲ್ ಇದು, ಆದರೆ ಇದರಲ್ಲಿರುವ ಒಂದೊಂದು ತಪ್ಪೂ ವಾರ್ಡ್‌ಗಳಲ್ಲಿ ನಿತ್ಯ ಸಿಗುವಂಥದ್ದು. 68 ವರ್ಷದ ಮಹಿಳೆ, ನ್ಯುಮೋನಿಯಾ. ಸ್ಕ್ರೀನಿಂಗ್ ಹಾಳೆ ದಾಖಲಾದ 6 ಗಂಟೆಯೊಳಗೇ ತುಂಬಿದೆ: ತೂಕ 58 ಕೆ.ಜಿ., ಎತ್ತರ 160 ಸೆಂ.ಮೀ., ಬಿಎಂಐ 22.7, ತೂಕ ಇಳಿತ ‘ಇಲ್ಲ’, ಒಟ್ಟು ಅಂಕ 0. ಸಹಿ ಇದೆ, ಸಮಯ ಇದೆ. ‘ಹೌದು/ಇಲ್ಲ’ ಪಟ್ಟಿಯಲ್ಲಿ ಈ ಫೈಲ್‌ಗೆ ಪೂರ್ಣ ಅಂಕ.

ಈಗ ಬೇರೆ ಹಾಳೆಗಳಿಗೆ ಹೋಗಿ. 4ನೇ ದಿನದ ನರ್ಸಿಂಗ್ ಚಾರ್ಟ್‌ನ ಮೂಲೆಯಲ್ಲಿ ‘ತೂಕ 51’ ಎಂದಿದೆ, ಔಷಧದ ಡೋಸ್ ಲೆಕ್ಕಕ್ಕೆ ತೂಗಿದ್ದು. ನಾಲ್ಕು ದಿನದಲ್ಲಿ 7 ಕೆ.ಜಿ. ಇಳಿಯುವುದು ಸಾಧ್ಯವೇ? ಡ್ರಿಪ್ ಹೋಗುತ್ತಿದೆ, ನೀರು ಹೊರಹಾಕುವ ಔಷಧ ಕೊಟ್ಟಿಲ್ಲ, ಭೇದಿ ಇಲ್ಲ. ಹಾಗಾದರೆ 58 ಎಂಬುದು ತೂಗಿದ ಸಂಖ್ಯೆಯೇ ಅಲ್ಲ; ದಾಖಲಾದ ರಾತ್ರಿ ಎದ್ದು ನಿಲ್ಲಲಾರದ ರೋಗಿಯನ್ನು ಕೇಳಿ ಬರೆದುಕೊಂಡದ್ದು. ಎರಡನೇ ಪ್ರಶ್ನೆಯಲ್ಲಿ ‘ಅಳೆದದ್ದೋ, ಹೇಳಿದ್ದೋ’ ಎಂಬ ಭಾಗ ಇರುವುದು ಇದಕ್ಕೇ.

ಡಾಕ್ಟರ ಮೊದಲ ನೋಟ್ ಓದಿ. ರೋಗದ ಇತಿಹಾಸದ ನಡುವೆ ಒಂದು ಸಾಲು: ‘ಮೂರು ತಿಂಗಳಿಂದ ಊಟ ಕಡಿಮೆ, ಬಟ್ಟೆ ಸಡಿಲವಾಗುತ್ತಿವೆ ಎಂದು ಮಗಳು ಹೇಳುತ್ತಾರೆ.’ ಅಂದರೆ 58 ಎಂಬುದು ಮೂರು ತಿಂಗಳ ಹಿಂದಿನ ತೂಕ, ರೋಗಿಗೆ ನೆನಪಿದ್ದದ್ದು. ಮತ್ತೆ ಲೆಕ್ಕ ಹಾಕಿದರೆ ಬಿಎಂಐ 51 ÷ 2.56 = 19.9, ಅಂಕ 1. ಇಳಿತ 7 ÷ 58 = ಶೇ. 12, ಅಂಕ 2. ಒಟ್ಟು 3. ಡ್ರಿಪ್‌ನ ನೀರು ಸೇರಿಯೂ 51 ಎಂದರೆ ನಿಜವಾದ ತೂಕ ಇನ್ನೂ ಸ್ವಲ್ಪ ಕಡಿಮೆಯೇ ಇರಬಹುದು. ಅಂಕ ಮಾತ್ರ ಇದಕ್ಕಿಂತ ಇಳಿಯುವುದಿಲ್ಲ. 0 ಎಂದು ಬರೆದಿದ್ದರಿಂದ ರೆಫರಲ್ ಹೋಗಲಿಲ್ಲ. ಮಗಳು ಹೇಳಿದ ಮಾತು ಫೈಲ್‌ನಲ್ಲೇ ಇತ್ತು, ನಾಲ್ಕು ಪುಟ ಆಚೆ.

5ನೇ ದಿನ ಡಾಕ್ಟರು ತಾವೇ ಪೂರಕ ಪಾನೀಯ ಬರೆದಿದ್ದಾರೆ: 200 ಮಿ.ಲೀ., ದಿನಕ್ಕೆ ಎರಡು ಬಾರಿ. ಔಷಧ ಚಾರ್ಟ್‌ನಲ್ಲಿ ಎರಡೂ ಹೊತ್ತು ಸಹಿ ಇದೆ. ಮಿ.ಲೀ.ಗೆ 1.5 ಕಿಲೋಕ್ಯಾಲರಿಯ ಪಾನೀಯವಾದರೆ ದಿನಕ್ಕೆ 600. ಆದರೆ ಅದೇ ದಿನದ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ನೋಡಿದರೆ ಆ ಪಾನೀಯದ ಎದುರು 80 ಮತ್ತು 50. ಒಟ್ಟು 130 ಮಿ.ಲೀ., ಅಂದರೆ 195 ಕಿಲೋಕ್ಯಾಲರಿ. ಸುಳ್ಳು ಯಾರೂ ಬರೆದಿಲ್ಲ. ಔಷಧ ಚಾರ್ಟ್‌ನ ಸಹಿಗೆ ಅರ್ಥ ‘ಬಾಟಲಿ ತೆರೆದು ಮೇಜಿನ ಮೇಲೆ ಇಟ್ಟೆ’ ಎಂದು, ‘ಕುಡಿದರು’ ಎಂದಲ್ಲ. ಮಾತ್ರೆಗೆ ಈ ವ್ಯತ್ಯಾಸ ಬರುವುದಿಲ್ಲ, ಪಾನೀಯಕ್ಕೆ ಬರುತ್ತದೆ. ಸಾಧ್ಯವಾದರೆ ಆಡಿಟ್ ದಿನ ಹಾಸಿಗೆಯ ಪಕ್ಕದ ಮೇಜಿನ ಮೇಲೂ ಒಮ್ಮೆ ಕಣ್ಣು ಹಾಯಿಸಿ. ತೆರೆದು ಸ್ಟ್ರಾ ಹಾಕಿ, ಮುಕ್ಕಾಲು ತುಂಬಿ ನಿಂತ ಬಾಟಲಿ ಹೇಳುವುದನ್ನು ಯಾವ ಚಾರ್ಟೂ ಹೇಳುವುದಿಲ್ಲ.

9ನೇ ದಿನ ತೂಕ 54. ಪಕ್ಕದಲ್ಲಿ ‘ತೂಕ ಏರುತ್ತಿದೆ, ಪೋಷಣೆ ಸುಧಾರಿಸಿದೆ’ ಎಂಬ ನೋಟ್. ಐದು ದಿನದಲ್ಲಿ 3 ಕೆ.ಜಿ. ಒಂದು ಕೆ.ಜಿ. ಕೊಬ್ಬು ಕೂಡಲು ಸುಮಾರು 7,000 ಕಿಲೋಕ್ಯಾಲರಿ ಹೆಚ್ಚುವರಿ ಬೇಕು. ಆ ಲೆಕ್ಕದಲ್ಲಿ ಈಕೆ ದಿನಕ್ಕೆ 4,200 ಹೆಚ್ಚುವರಿ ತಿಂದಿರಬೇಕು, ಪಾನೀಯವನ್ನೇ ಮುಗಿಸದವರು. ಅದೇ ದಿನದ ನರ್ಸಿಂಗ್ ನೋಟ್‌ನಲ್ಲಿ ‘ಎರಡೂ ಪಾದದಲ್ಲಿ ಊತ’ ಎಂದಿದೆ. ಏರಿದ್ದು ನೀರು. ಇಂಥಲ್ಲಿ 11ನೇ ಪ್ರಶ್ನೆಗೆ ತೂಕ ‘ಸ’, ಅದರ ಅರ್ಥೈಸುವಿಕೆ ‘ತ’ ಎಂದು ಎರಡು ಗುರುತು ಹಾಕುತ್ತೇನೆ.

ಒಂದು ಮಾತು ಮರೆಯಬೇಡಿ: ಇಂಥ ಫೈಲ್ ಸಿಕ್ಕಾಗ ರೋಗಿ ಇನ್ನೂ ಹಾಸಿಗೆಯಲ್ಲೇ ಇದ್ದಾರೆ. ಆಡಿಟ್ ವರದಿ ಬರುವವರೆಗೆ ಕಾಯುವಂತಿಲ್ಲ. ಅಂದೇ ಆ ಪಾಳಿಯ ಸಿಸ್ಟರ್‌ಗೆ, ಡಾಕ್ಟರಿಗೆ ತಿಳಿಸಿ. ಅದರಲ್ಲೂ ಹಲವು ದಿನ ಸರಿಯಾಗಿ ತಿನ್ನದ, ಬಹಳ ತೂಕ ಇಳಿದ ರೋಗಿಗೆ ಒಮ್ಮೆಲೇ ಪೂರ್ಣ ಪ್ರಮಾಣದ ಫೀಡ್ ಶುರುವಾಗಿದ್ದು, ಫೈಲ್‌ನಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಪರೀಕ್ಷೆಯ ಫಲಿತಾಂಶವೇ ಇಲ್ಲದಿದ್ದರೆ ಪೆನ್ನು ಕೆಳಗಿಟ್ಟು ಹೋಗಿ ಹೇಳಿ. ರೀಫೀಡಿಂಗ್ ಸಿಂಡ್ರೋಮ್‌ನಲ್ಲಿ ಈ ಲವಣಗಳು ದಿಢೀರ್ ಇಳಿದು ಹೃದಯದ ಬಡಿತಕ್ಕೇ ತೊಂದರೆಯಾಗುತ್ತದೆ.

ಹಾಗೆಂದು ಚಾರ್ಟ್ ಅನ್ನು ನೀವು ಮುಟ್ಟಬೇಡಿ. ತಿದ್ದುವವರು ವಾರ್ಡ್‌ನವರು, ಅದೂ ಹಳೆಯ 0 ಮೇಲೆ 3 ಎಂದು ಬರೆದಲ್ಲ. ಹಳೆಯದಕ್ಕೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಇವತ್ತಿನ ದಿನಾಂಕ-ಸಮಯ ಹಾಕಿ ‘ತಡವಾದ ನಮೂದು’ ಎಂದು ಬರೆಯಬೇಕು.

ಆಹಾರ ಸೇವನೆಯ ಚಾರ್ಟ್: ಖಾಲಿ ಎಂದರೆ ಸೊನ್ನೆಯಲ್ಲ

ಒಂಬತ್ತನೇ ಪ್ರಶ್ನೆಗೆ ಫೈಲ್ ಲೆಕ್ಕ ಸಾಲದು, ಹೊತ್ತಿನ ಲೆಕ್ಕ ಬೇಕು. ಮೂರು ದಿನ, ದಿನಕ್ಕೆ ಮೂರು ಊಟ ಎಂದರೆ 9 ಮನೆಗಳು. ಅವುಗಳಲ್ಲಿ ಎಷ್ಟು ತುಂಬಿವೆ ಎಂದು ಎಣಿಸಿ. ರಾತ್ರಿಯ ಮನೆಗಳೇ ಹೆಚ್ಚು ಖಾಲಿ ಇದ್ದರೆ ಅದು ಯಾರದೋ ಸೋಮಾರಿತನ ಅಲ್ಲ, ಪಾಳಿ ಬದಲಾಗುವ ಹೊತ್ತಿಗೇ ತಟ್ಟೆ ವಾಪಸು ಹೋಗುತ್ತಿದೆ ಎಂದರ್ಥ. ತಟ್ಟೆ ಎತ್ತುವವರು ಒಬ್ಬರು, ಚಾರ್ಟ್ ಬರೆಯುವವರು ಇನ್ನೊಬ್ಬರು. ನಡುವೆ ಮಾಹಿತಿ ಸೋರುತ್ತದೆ.

ಖಾಲಿ ಮನೆಗೆ ಮೂರು ಅರ್ಥ ಸಾಧ್ಯ: ತಿನ್ನಲಿಲ್ಲ, ಊಟವೇ ಬರಲಿಲ್ಲ, ತಿಂದರು ಆದರೆ ಬರೆಯಲಿಲ್ಲ. ಪರೀಕ್ಷೆಗಾಗಿ ಎನ್‌ಪಿಒ, ಅಂದರೆ ಬಾಯಿಗೆ ಏನೂ ಕೊಡಬಾರದು ಎಂಬ ಆದೇಶ, ಇದ್ದ ಹೊತ್ತು ನಾಲ್ಕನೆಯದು. ಲೆಕ್ಕ ಹಾಕುವವರು ಖಾಲಿಯನ್ನು ಸೊನ್ನೆ ಎಂದುಕೊಂಡರೆ ರೋಗಿ ಉಪವಾಸ ಇದ್ದಂತೆ ಕಾಣುತ್ತದೆ, ಬಿಟ್ಟು ಸರಾಸರಿ ತೆಗೆದರೆ ಚೆನ್ನಾಗಿ ತಿನ್ನುತ್ತಿದ್ದಾರೆ ಎನಿಸುತ್ತದೆ. ಎರಡೂ ಊಹೆ. ಹಾಗೆಯೇ ‘ಚೆನ್ನಾಗಿ ತಿಂದರು’, ‘ಪರವಾಗಿಲ್ಲ’ ಎಂಬ ನಮೂದುಗಳು ‘ತ’. ಕಾಲು, ಅರ್ಧ, ಮುಕ್ಕಾಲು, ಪೂರ್ತಿ, ಏನೂ ಇಲ್ಲ: ಈ ಐದರಲ್ಲಿ ಒಂದಿದ್ದರೆ ಮಾತ್ರ ‘ಸ’. ಇನ್ನೊಂದು ಸುಳಿವು ಹೇಳುತ್ತೇನೆ. ಮೂರು ದಿನದ ಒಂಬತ್ತೂ ಮನೆಗಳಲ್ಲಿ ಒಂದೇ ಶಾಯಿ, ಒಂದೇ ಕೈಬರಹ, ಎಲ್ಲವೂ ‘ಅರ್ಧ’ ಎಂದಿದ್ದರೆ ಅದು ಒಮ್ಮೆಗೇ ಕೂತು ತುಂಬಿದ್ದು. ಎನ್‌ಪಿಒ ಆದೇಶ ಇದ್ದ ಬೆಳಗ್ಗೆಯೂ ‘ಅರ್ಧ’ ಎಂದಿದ್ದರೆ ಅನುಮಾನಕ್ಕೆ ಜಾಗವೇ ಇಲ್ಲ.

ಟ್ಯೂಬ್ ಫೀಡ್‌ಗೆ ಇದೇ ತರ್ಕ, ಸಂಖ್ಯೆಗಳು ಇನ್ನೂ ನಿಖರ. ಗಂಟೆಗೆ 75 ಮಿ.ಲೀ.ನಂತೆ 20 ಗಂಟೆ ಎಂದು ಆದೇಶವಿದ್ದರೆ ದಿನಕ್ಕೆ 1,500. ಚಾರ್ಟ್‌ನಲ್ಲಿ ಪ್ರತಿ ಗಂಟೆಗೂ ‘75’ ಎಂದು ಸಾಲಾಗಿ ಬರೆದು, ಪಂಪ್‌ನ ಒಟ್ಟು ಮೊತ್ತ 980 ತೋರಿಸುತ್ತಿದ್ದರೆ ಬರೆದದ್ದು ಆದೇಶವನ್ನು, ಹೋದದ್ದನ್ನಲ್ಲ. ನಿಲ್ಲಿಸಿದ ಹೊತ್ತು, ಕಾರಣ, ಮತ್ತೆ ಶುರುಮಾಡಿದ ಹೊತ್ತು ಮೂರೂ ಇರಬೇಕು. ಟ್ಯೂಬ್‌ನ ತುದಿ ಹೊಟ್ಟೆಯಲ್ಲೇ ಇದೆಯೇ ಎಂದು ಪ್ರತಿ ಸಲ ನೋಡಿದ ದಾಖಲೆ, ಮೂಗಿನ ಬಳಿಯ ಸೆಂ.ಮೀ. ಗುರುತು ಇವೆಯೇ ನೋಡಿ. ಗಾಳಿ ಊದಿ ಸ್ಟೆತೊಸ್ಕೋಪ್‌ನಲ್ಲಿ ಕೇಳಿದೆವು ಎಂಬುದೊಂದೇ ಬರೆದಿದ್ದರೆ ಅದನ್ನು ‘ಸ’ ಎನ್ನಲಾಗದು. ಶ್ವಾಸಕೋಶಕ್ಕೆ ಹೋದ ಟ್ಯೂಬ್‌ನಲ್ಲೂ ಸದ್ದು ಕೇಳಿಸುತ್ತದೆ.

ನಾಲ್ಕನೇ ಹೆಜ್ಜೆ: ಇಬ್ಬರು ಓದುವುದು

20ರಲ್ಲಿ 5 ಫೈಲ್‌ಗಳನ್ನು ಇನ್ನೊಬ್ಬರೂ ಪ್ರತ್ಯೇಕವಾಗಿ ಓದಲಿ, ನಿಮ್ಮ ಗುರುತು ನೋಡದೆ. ನೀವು ‘ಸ’ ಎಂದದ್ದಕ್ಕೆ ಅವರು ‘ತ’ ಎಂದರೆ ತಪ್ಪು ನಿಮ್ಮಿಬ್ಬರದ್ದಲ್ಲ, ಪ್ರಶ್ನೆಯದು. ‘ಯೋಜನೆ ಇದೆಯೇ’ ಎಂಬ ಪ್ರಶ್ನೆಯಲ್ಲಿ ಹೀಗಾಗುವುದು ಹೆಚ್ಚು; ‘ಪೋಷಕ ಆಹಾರಕ್ಕೆ ಪ್ರೋತ್ಸಾಹಿಸಿ’ ಎಂಬ ಸಾಲನ್ನು ಒಬ್ಬರು ಯೋಜನೆ ಎನ್ನುತ್ತಾರೆ, ಇನ್ನೊಬ್ಬರು ಎನ್ನುವುದಿಲ್ಲ. ಪ್ರಶ್ನೆಯನ್ನು ಬಿಗಿಮಾಡಿ, ಆ ಐದನ್ನು ಮತ್ತೆ ಓದಿ, ಆಮೇಲೆ ಉಳಿದವಕ್ಕೆ ಹೋಗಿ.

ಐದನೇ ಹೆಜ್ಜೆ: ಶೇಕಡಾ ತೆಗೆಯುವಾಗ ಕೆಳಗಿನ ಸಂಖ್ಯೆ

ಆಡಿಟ್ ವರದಿಗಳು ಜನರನ್ನು ದಾರಿ ತಪ್ಪಿಸುವುದು ಇಲ್ಲೇ. 20 ಫೈಲ್‌ಗಳಲ್ಲಿ ಸ್ಕ್ರೀನಿಂಗ್ ಅಂಕ ಇದ್ದದ್ದು 16ರಲ್ಲಿ, ಮತ್ತೆ ಲೆಕ್ಕ ಹಾಕಿದಾಗ ಸರಿ ಬಂದದ್ದು 11 ಎಂದುಕೊಳ್ಳಿ. ‘ಸ್ಕ್ರೀನಿಂಗ್ ಶೇ. 80’ ಎಂದೂ ಬರೆಯಬಹುದು, ‘ಸರಿಯಾದ ಸ್ಕ್ರೀನಿಂಗ್ ಶೇ. 55’ ಎಂದೂ ಬರೆಯಬಹುದು. ಎರಡನ್ನೂ ಅಕ್ಕಪಕ್ಕ ಬರೆಯಿರಿ.

ರೆಫರಲ್ ವಿಷಯದಲ್ಲಿ ಮೋಸ ಇನ್ನೂ ಆಳ. ವಾರ್ಡ್ ‘ಅಪಾಯ ಹೆಚ್ಚು’ ಎಂದು ಬರೆದದ್ದು 3 ರೋಗಿಗಳಿಗೆ, ಮೂವರಿಗೂ ರೆಫರಲ್ ಹೋಗಿದೆ: ಶೇ. 100, ಚಪ್ಪಾಳೆ. ನಿಮ್ಮ ಮರು ಲೆಕ್ಕದಲ್ಲಿ ಆ ಮೂವರೂ ಸೇರಿ 7 ಜನ ಅಪಾಯದಲ್ಲಿದ್ದಾರೆ. ಆಗ 7ರಲ್ಲಿ 3, ಶೇ. 43. ಉಳಿದ ನಾಲ್ವರ ಫೈಲ್‌ನಲ್ಲಿ ‘ರೆಫರಲ್ ಇಲ್ಲ’ ಎಂಬುದು ತಪ್ಪಾಗಿ ಕಾಣುವುದೇ ಇಲ್ಲ, ಏಕೆಂದರೆ ಅಂಕವೇ ಕಡಿಮೆ ಇದೆ. ಅನ್ವಯಿಸುವುದಿಲ್ಲ ಎಂದು ಟಿಕ್ ಬಿದ್ದು ಲೆಕ್ಕದಿಂದಲೇ ಹೊರಗೆ ಹೋಗುತ್ತಾರೆ. ಕ್ರಮಸಂಖ್ಯೆ 7ರ ಮಹಿಳೆ ಆ ನಾಲ್ವರಲ್ಲಿ ಒಬ್ಬರು. ಹಾಗಾಗಿ 6ನೇ ಪ್ರಶ್ನೆಯ ಕೆಳಗಿನ ಸಂಖ್ಯೆ ಯಾವತ್ತೂ ನಿಮ್ಮ ಮರು ಲೆಕ್ಕದ್ದಾಗಿರಬೇಕು, ವಾರ್ಡ್ ಬರೆದದ್ದಲ್ಲ. ಅಂಕವೇ ಇಲ್ಲದ 4 ಫೈಲ್‌ಗಳಿಗೂ ಬೇರೆ ಹಾಳೆಗಳಲ್ಲಿ ಸಿಗುವ ತೂಕ, ಎತ್ತರ, ಇತಿಹಾಸದಿಂದ ಅಂಕ ಹಾಕಲು ಯತ್ನಿಸಿ. ಆಗದಿದ್ದರೆ ‘ಹೇಳಲಾಗದು’ ಎಂದು ಬೇರೆಯಾಗಿ ಎಣಿಸಿ, ‘ಅಪಾಯ ಇಲ್ಲ’ ಎಂಬುದರಲ್ಲಿ ಸೇರಿಸಬೇಡಿ.

ವಾರ್ಡ್‌ಗೆ ಹೇಳುವಾಗ

ಹನ್ನೆರಡು ತಪ್ಪಿನ ಪಟ್ಟಿ ಕೊಟ್ಟರೆ ಒಂದೂ ಸರಿಯಾಗುವುದಿಲ್ಲ. ಎರಡನ್ನು ಆರಿಸಿ, ಮೇಲಿನ ತಪ್ಪಿಗೆ ಕಾರಣವಾದದ್ದನ್ನು. ಈ ಉದಾಹರಣೆಯಲ್ಲಿ ನಾನಾದರೆ ಆರಿಸುವುದು ತೂಕದ ಮೂಲ ಮತ್ತು ರಾತ್ರಿ ಊಟದ ನಮೂದು. ತೂಕದ ಮೂಲಕ್ಕೆ ತರಬೇತಿ ಬೇಡ. ಹಾಳೆಯಲ್ಲಿ ತೂಕದ ಪಕ್ಕ ‘ಅಳೆದದ್ದು / ಹೇಳಿದ್ದು / ಅಂದಾಜು’ ಎಂದು ಸುತ್ತು ಹಾಕಲು ಮೂರು ಪದ ಅಚ್ಚುಹಾಕಿಸಿ, ಕೆಳಗೆ ‘ಅಳೆಯದಿದ್ದರೆ ಯಾವಾಗ ಅಳೆಯುವುದು’ ಎಂದು ಒಂದು ಗೆರೆ. ಹಾಸಿಗೆಯಿಂದ ಏಳಲಾರದವರನ್ನು ತೂಗುವ ಉಪಕರಣ ವಾರ್ಡ್‌ನಲ್ಲಿ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದೂ ಕೇಳಿ. ತಕ್ಕಡಿ ಬೀರುವಿನೊಳಗೆ ಬ್ಯಾಟರಿ ಇಲ್ಲದೆ ಕೂತಿದ್ದರೆ ಯಾರಿಗೆ ಏನು ಹೇಳಿಕೊಟ್ಟೂ ಪ್ರಯೋಜನವಿಲ್ಲ.

ರಾತ್ರಿ ಊಟದ್ದಕ್ಕೆ, ತಟ್ಟೆ ಎತ್ತುವ ಮೊದಲು ಚಾರ್ಟ್ ತುಂಬುವವರು ಯಾರು ಎಂದು ಆ ವಾರ್ಡ್‌ನವರೇ ಕೂತು ತೀರ್ಮಾನಿಸಲಿ. ಹೊಸ ಹಾಳೆ ಬಂದು ಎರಡು ಮೂರು ತಿಂಗಳಾದ ಮೇಲೆ ಅದೇ ವಾರ್ಡ್, ಅದೇ ಹನ್ನೆರಡು ಪ್ರಶ್ನೆ, ಅದೇ ನಾಲ್ಕು ಗುರುತು ಹಿಡಿದು ಮತ್ತೆ 20 ಫೈಲ್ ಓದಿ. ಆಗ ‘ಅಳೆದದ್ದು’ ಎಂಬ ಪದಕ್ಕೆ ಸುತ್ತು ಬಿದ್ದ ಪ್ರತಿ ಫೈಲ್‌ನಲ್ಲೂ ವಾರದ ಎರಡನೇ ತೂಕದೊಂದಿಗೆ ಹೋಲಿಸಿ ನೋಡಿ. 58, 60, 65 ಎಂದು ಎಲ್ಲವೂ ದಶಮಾಂಶವಿಲ್ಲದ ಸಂಖ್ಯೆಗಳೇ ಆಗಿದ್ದರೆ ತಕ್ಕಡಿಗೆ ಇನ್ನೂ ಬ್ಯಾಟರಿ ಬಂದಿಲ್ಲ.